ಗೃಹ ಸಾಲ ಬೇರೆ ಬ್ಯಾಂಕಿಗೆ ಒಯ್ಯಬೇಕೇ? ಮೊದಲು ನಿಮ್ಮ ಹಳೆಯ ಬ್ಯಾಂಕ್ ಎಷ್ಟು ಇಳಿಸುತ್ತದೆ ಕೇಳಿ

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಮನೆ ಸಾಲ ಇರುವವರಿಗೆ ವಾರಕ್ಕೊಮ್ಮೆಯಾದರೂ ಒಂದು ಫೋನ್ ಬರುತ್ತದೆ. "ಸರ್, ನಿಮ್ಮ ಸಾಲ ನಮ್ಮ ಬ್ಯಾಂಕಿಗೆ ತಗೊಂಡ್ ಬರ್ರಿ, ಬಡ್ಡಿ ಕಡಿಮಿ ಆಗ್ತೈತಿ." ಕರೆ ಮಾಡುವವರು ಹೇಳುವುದು ಸುಳ್ಳಲ್ಲ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಬಡ್ಡಿ ದರವನ್ನು, ನಾಲ್ಕು ಸಲ ಇಳಿಸಿತು. ಫೆಬ್ರವರಿಗೆ ಮುಂಚೆ ಶೇಕಡಾ 6.50 ಇದ್ದದ್ದು ಡಿಸೆಂಬರ್ ಹೊತ್ತಿಗೆ 5.25ಕ್ಕೆ ಬಂತು. ಹೊಸದಾಗಿ ಸಾಲ ತೆಗೆಯುವವರಿಗೆ ಅದರ ಲಾಭ ಬೇಗ ಸಿಕ್ಕಿತು. ಹಳೆಯ ಸಾಲದವರಲ್ಲಿ ಕೆಲವರಿಗೆ ಸಿಕ್ಕಿದೆ, ಕೆಲವರಿಗೆ ಅರ್ಧ ಸಿಕ್ಕಿದೆ, ಕೆಲವರಿಗೆ ಏನೂ ಸಿಕ್ಕಿಲ್ಲ.

ಆದರೆ ಫೋನ್ ಮಾಡಿದವರು ಎರಡೇ ದಾರಿ ತೋರಿಸುತ್ತಾರೆ. ಈಗಿನ ಬಡ್ಡಿ ಕಟ್ಟುತ್ತಾ ಇರುವುದು ಒಂದು, ಅವರ ಬ್ಯಾಂಕಿಗೆ ಹೋಗುವುದು ಇನ್ನೊಂದು. ನಡುವೆ ಮೂರನೆಯ ದಾರಿ ಇದೆ. ಸಾಲ ಇರುವ ಜಾಗದಲ್ಲೇ ಅರ್ಜಿ ಕೊಟ್ಟು ಬಡ್ಡಿ ಇಳಿಸಿಕೊಳ್ಳುವುದು. ಅದಕ್ಕೆ ರೇಟ್ ಕನ್ವರ್ಶನ್ ಅನ್ನುತ್ತಾರೆ. ಲೆಕ್ಕ ಹಾಕುವಾಗ ಹೊಸ ಬ್ಯಾಂಕಿನ ದರವನ್ನು ಈ ಮೂರನೆಯ ದಾರಿಯ ಜೊತೆ ಹೋಲಿಸಬೇಕು. ಇವತ್ತು ಕಟ್ಟುತ್ತಿರುವ ದರದ ಜೊತೆ ಮಾತ್ರ ಹೋಲಿಸಿದರೆ ಟ್ರಾನ್ಸ್‌ಫರ್ ಯಾವಾಗಲೂ ಲಾಭ ಅಂತಲೇ ಕಾಣುತ್ತದೆ.

ನಿಮ್ಮ ಬಡ್ಡಿ ಯಾಕೆ ಇಳಿಯಲಿಲ್ಲ?

ಮೊದಲು ನಿಮ್ಮ ಸಾಲ ಯಾವ ಜಾತಿಯದು ನೋಡಿ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ದರದ ಗೃಹ ಸಾಲಗಳು ರೆಪೊ ತರಹದ ಹೊರಗಿನ ಅಳತೆಗೆ ಜೋಡಿಕೊಂಡಿರುತ್ತವೆ. ರೆಪೊ ಇಳಿದರೆ ಮೂರು ತಿಂಗಳೊಳಗೆ ನಿಮ್ಮ ದರವೂ ತಾನೇ ಇಳಿಯಬೇಕು. ಅದಕ್ಕಿಂತ ಹಳೆಯ ಸಾಲವಾದರೆ ಬ್ಯಾಂಕ್ ತಾನೇ ಲೆಕ್ಕ ಹಾಕುವ ಎಂಸಿಎಲ್‌ಆರ್ ಅಥವಾ ಬೇಸ್ ರೇಟ್‌ನಲ್ಲಿ ಇರಬಹುದು. ಅವು ನಿಧಾನಕ್ಕೆ ಇಳಿಯುತ್ತವೆ. ಹೌಸಿಂಗ್ ಫೈನಾನ್ಸ್ ಕಂಪನಿಯಿಂದ ತೆಗೆದ ಸಾಲವಾದರೆ ರೆಪೊಗೆ ಜೋಡಿಸಲೇಬೇಕೆಂಬ ಈ ನಿಯಮ ಅದಕ್ಕಿಲ್ಲ. ಕಂಪನಿಯ ಸ್ವಂತ ಮೂಲ ದರ ಇರುತ್ತದೆ. ಅದನ್ನು ಎಷ್ಟು ಇಳಿಸಬೇಕು, ಯಾವಾಗ ಇಳಿಸಬೇಕು ಅನ್ನುವುದು ಅವರ ಕೈಯಲ್ಲಿದೆ.

ರೆಪೊ ಸಾಲ ಇದ್ದವರದ್ದೂ ಒಂದು ತೊಡಕಿದೆ. ನಿಮ್ಮ ದರ ಅಂದರೆ ರೆಪೊ, ಅದರ ಮೇಲೆ ಬ್ಯಾಂಕಿನ ಮಾರ್ಜಿನ್. ರೆಪೊ ಎಲ್ಲರಿಗೂ ಒಂದೇ. ಮಾರ್ಜಿನ್ ಮಾತ್ರ ನೀವು ಸಾಲ ತೆಗೆದ ದಿನ ನಿಗದಿಯಾದದ್ದು. ಇವತ್ತು ಹೊಸ ಗ್ರಾಹಕರನ್ನು ಸೆಳೆಯಲು ಅದೇ ಬ್ಯಾಂಕ್ ಕಡಿಮೆ ಮಾರ್ಜಿನ್ ಇಟ್ಟಿರಬಹುದು, ನಿಮ್ಮದು ಹಳೆಯದೇ ಮುಂದುವರಿದಿರುತ್ತದೆ. ಅದಕ್ಕೇ ಒಂದೇ ಶಾಖೆಯಲ್ಲಿ, ಒಂದೇ ಬಡಾವಣೆಯ ಅಕ್ಕಪಕ್ಕದ ಎರಡು ಮನೆಗಳಿಗೆ ಬೇರೆ ಬೇರೆ ಬಡ್ಡಿ ಇರುತ್ತದೆ.

ಸ್ಯಾಂಕ್ಷನ್ ಲೆಟರ್ ತೆಗೆದು ನೋಡಿ. ಬಡ್ಡಿಯ ಸಾಲಿನಲ್ಲಿ "ಆರ್‌ಎಲ್‌ಎಲ್‌ಆರ್" ಅಥವಾ "ಇಬಿಎಲ್‌ಆರ್" ಅಂತಿದ್ದರೆ ರೆಪೊ ಕಡೆಯದು. "ಪಿಎಲ್‌ಆರ್ ಮೈನಸ್ ಇಷ್ಟು" ಅಂತಿದ್ದರೆ ಅದು ಕಂಪನಿಯ ಸ್ವಂತ ದರ. ಈ ಒಂದು ಸಾಲಿನಿಂದಲೇ ನಿಮಗೆ ಟ್ರಾನ್ಸ್‌ಫರ್ ಬೇಕೇ, ಕನ್ವರ್ಶನ್ ಸಾಕೇ ಅನ್ನುವುದು ಅರ್ಧ ಗೊತ್ತಾಗುತ್ತದೆ.

ನವನಗರದ ಒಂದು ಮನೆಯ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನವನಗರದಲ್ಲಿ ಮನೆ ಕಟ್ಟಿಸಿದ ಒಬ್ಬ ಹೈಸ್ಕೂಲ್ ಟೀಚರ್. ವಯಸ್ಸು 46. ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲಿ ಸಾಲ ಇದೆ. ಬಾಕಿ ಅಸಲು 25 ಲಕ್ಷ, ದರ ಶೇಕಡಾ 9, ಇನ್ನೂ 14 ವರ್ಷ ಅಂದರೆ 168 ಕಂತು ಉಳಿದಿದೆ. ಕಂತು 26,223 ರೂಪಾಯಿ. ನಿವೃತ್ತಿಯ ಹೊತ್ತಿಗೆ ಸಾಲ ಮುಗಿಯಬೇಕು ಅಂತ ಲೆಕ್ಕ ಹಾಕಿಯೇ ಅವರು ಅವಧಿ ಇಟ್ಟುಕೊಂಡಿದ್ದರು.

ಒಂದು ಬ್ಯಾಂಕ್ ಅವರಿಗೆ 7.75ಕ್ಕೆ ಸಾಲ ಕೊಡುತ್ತೇನೆ ಅಂದಿದೆ. ಅದೇ ಹೊತ್ತಿಗೆ ಹಳೆಯ ಕಂಪನಿಗೆ ಅರ್ಜಿ ಕೊಟ್ಟಾಗ ಅವರು 8.25ಕ್ಕೆ ಇಳಿಸಲು ಒಪ್ಪಿದ್ದಾರೆ. ಅದಕ್ಕೆ ಬಾಕಿಯ ಮೇಲೆ ಶೇಕಡಾ 0.25 ಶುಲ್ಕ, ಜಿಎಸ್‌ಟಿ ಬೇರೆ. ಒಟ್ಟು 7,375 ರೂಪಾಯಿ.

ಹೊಸ ಬ್ಯಾಂಕಿಗೆ ಹೋಗುವ ಖರ್ಚು ಒಂದೇ ಕಡೆ ಕಾಣುವುದಿಲ್ಲ, ಅಲ್ಲಲ್ಲಿ ಚದುರಿರುತ್ತದೆ. ಪ್ರೊಸೆಸಿಂಗ್ ಫೀ 5,000, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 5,900. ವಕೀಲರ ಅಭಿಪ್ರಾಯ ಮತ್ತು ಎಂಜಿನಿಯರ್ ಮೌಲ್ಯಮಾಪನ ಸೇರಿ 7,000. ಮನೆ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟಿದ್ದಕ್ಕೆ ಬರೆಸುವ ಎಂಒಡಿ ಪತ್ರದ ಮುದ್ರಾಂಕ ಶುಲ್ಕ, ನೋಂದಣಿ, ಟೈಪಿಂಗ್ ಎಲ್ಲ ಸೇರಿ 16,000 ಹಿಡಿಯೋಣ. ಹಳೆಯ ಕಂಪನಿಯ ಬೋಜಾ ತೆಗೆಸುವ ಪತ್ರಕ್ಕೆ 1,500. ಇಸಿ, ಉತಾರ, ಝೆರಾಕ್ಸ್ ಅಂತ 600. ಇನ್ನು ಆರು ದಿನದ ಎರಡು ಕಡೆಯ ಬಡ್ಡಿ ಸುಮಾರು 3,200. ಒಟ್ಟು 34,200 ರೂಪಾಯಿ.

ಈ ಕೊನೆಯ ಖರ್ಚನ್ನು ಯಾರೂ ಹೇಳುವುದಿಲ್ಲ. ಹೊಸ ಬ್ಯಾಂಕ್ ಚೆಕ್ ಅಥವಾ ಡಿಡಿ ಬರೆದ ದಿನದಿಂದ ಅವರ ಬಡ್ಡಿ ಓಡಲು ಶುರು. ಅದು ಹಳೆಯ ಕಂಪನಿಯ ಖಾತೆಗೆ ಜಮಾ ಆಗುವ ತನಕ ಅವರ ಬಡ್ಡಿಯೂ ನಿಲ್ಲುವುದಿಲ್ಲ. 25 ಲಕ್ಷಕ್ಕೆ 7.75ರ ದರದಲ್ಲಿ ಒಂದು ದಿನದ ಬಡ್ಡಿ 531 ರೂಪಾಯಿ. ಹಬ್ಬ, ಎರಡನೇ ಶನಿವಾರ, ಭಾನುವಾರ ನಡುವೆ ಬಂದರೆ ಅಷ್ಟೂ ದಿನದ ಬಡ್ಡಿ ಎರಡು ಕಡೆ ಬೀಳುತ್ತದೆ. ಆರ್‌ಟಿಜಿಎಸ್ ಮೂಲಕ ಕಳಿಸಲು ಎರಡೂ ಕಡೆ ಒಪ್ಪಿದರೆ ಈ ಖರ್ಚು ಬಹುಮಟ್ಟಿಗೆ ಉಳಿಯುತ್ತದೆ.

ಅವಧಿ ಮೂರಕ್ಕೂ 168 ತಿಂಗಳೇ ಇಟ್ಟು ನೋಡಿದರೆ ಚಿತ್ರ ಹೀಗಿದೆ:

| | ಹಾಗೇ ಇದ್ದರೆ | ಹಳೆಯ ಕಡೆಯೇ ಇಳಿಸಿಕೊಂಡರೆ | ಹೊಸ ಬ್ಯಾಂಕಿಗೆ ಹೋದರೆ |
|---|---|---|---|
| ದರ | 9.00 | 8.25 | 7.75 |
| ಕಂತು | 26,223 | 25,139 | 24,429 |
| ತಿಂಗಳ ಉಳಿತಾಯ | – | 1,084 | 1,794 |
| ಮೊದಲೇ ಹೋಗುವ ಖರ್ಚು | – | 7,375 | 34,200 |

ಕನ್ವರ್ಶನ್ ಖರ್ಚು ಏಳು ತಿಂಗಳಲ್ಲಿ ವಾಪಸ್ ಬರುತ್ತದೆ. ಟ್ರಾನ್ಸ್‌ಫರ್ ಖರ್ಚು 34,200ನ್ನು 1,794ರಿಂದ ಭಾಗಿಸಿದರೆ 19 ತಿಂಗಳು ಚಿಲ್ಲರೆ. ಇಲ್ಲಿಗೆ ನಿಲ್ಲಿಸಿದರೆ "ಒಂದೂವರೆ ವರ್ಷದಲ್ಲಿ ಖರ್ಚು ಬಂತು, ಆಮೇಲೆ ಎಲ್ಲ ಲಾಭ" ಅನಿಸುತ್ತದೆ.

ಈಗ ಸರಿಯಾದ ಪ್ರಶ್ನೆ ಕೇಳೋಣ. 8.25 ಕೈಯಲ್ಲಿ ಇದ್ದಾಗ, ಅದನ್ನು ಬಿಟ್ಟು 7.75ಕ್ಕೆ ಹೋದರೆ ಹೆಚ್ಚಿಗೆ ಸಿಗುವುದೆಷ್ಟು? ತಿಂಗಳಿಗೆ 710 ರೂಪಾಯಿ. ಅದಕ್ಕೆ ಹೆಚ್ಚಿಗೆ ಖರ್ಚಾಗುವುದೆಷ್ಟು? 34,200ರಲ್ಲಿ 7,375 ಕಳೆದರೆ 26,825. ಭಾಗಿಸಿದರೆ 38 ತಿಂಗಳು. ಮೂರು ವರ್ಷದ ಮೇಲೆ ಆಯ್ತು. ಅದೇ ಸಾಲ, ಅದೇ ಬ್ಯಾಂಕು. ಯಾವುದರ ಜೊತೆ ಹೋಲಿಸಿದೆವು ಅನ್ನುವುದಷ್ಟೇ ಬದಲಾಯಿತು.

ಈ ಟೀಚರ್‌ಗೆ ಇನ್ನೂ 14 ವರ್ಷ ಇದೆ. 38 ತಿಂಗಳು ದಾಟಿದ ಮೇಲೆ ಹತ್ತು ವರ್ಷಕ್ಕೂ ಜಾಸ್ತಿ ಉಳಿಯುತ್ತದೆ. ಹಾಗಾಗಿ ಅವರು ಹೋಗುವುದೇ ಸರಿ ಅಂತ ನನ್ನ ಅಭಿಪ್ರಾಯ. ಆದರೆ ನಾಲ್ಕೈದು ವರ್ಷದಲ್ಲಿ ಊರ ಹೊಲ ಮಾರಿ ಸಾಲ ತೀರಿಸುವ ಯೋಚನೆ ಇದ್ದರೆ, ಅಥವಾ ಕಂಪನಿಯವರು 8.25 ಬದಲು 8ಕ್ಕೆ ಇಳಿಸಿದರೆ, ನಾನು ಅಲ್ಲೇ ಇರಿ ಅನ್ನುತ್ತೇನೆ. ಕಾಲು ಪರ್ಸೆಂಟಿನ ಆಸೆಗೆ ಇಷ್ಟು ಓಡಾಟ, ಇಷ್ಟು ಕಾಗದ ಬೇಡ.

ಕಂತಿನ ಉಳಿತಾಯ ಮಾತ್ರ ಉಳಿತಾಯ ಅಲ್ಲ

ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅದನ್ನು ಹೇಳದೆ ಬಿಟ್ಟರೆ ಟ್ರಾನ್ಸ್‌ಫರ್‌ಗೆ ಅನ್ಯಾಯವಾಗುತ್ತದೆ. 25 ಲಕ್ಷದ ಮೇಲೆ ಒಂದೂಕಾಲು ಪರ್ಸೆಂಟ್ ಅಂದರೆ ಮೊದಲ ತಿಂಗಳೇ ಬಡ್ಡಿಯಲ್ಲಿ 2,604 ರೂಪಾಯಿ ಕಡಿಮೆಯಾಗುತ್ತದೆ. ಕಂತು ಇಳಿದದ್ದು 1,794 ಮಾತ್ರ. ಉಳಿದ 810 ಎಲ್ಲಿ ಹೋಯಿತು? ಅದು ಅಸಲಿಗೆ ಹೋಯಿತು. ಕಡಿಮೆ ದರದ ಸಾಲದಲ್ಲಿ ಕಂತಿನ ದೊಡ್ಡ ಪಾಲು ಅಸಲಿಗೆ ಜಮಾ ಆಗುತ್ತದೆ. ಅದನ್ನೂ ಸೇರಿಸಿದರೆ 19 ತಿಂಗಳ ಜಾಗದಲ್ಲಿ ಸುಮಾರು 13 ತಿಂಗಳು, 38ರ ಜಾಗದಲ್ಲಿ ಸುಮಾರು 26 ತಿಂಗಳು ಬರುತ್ತದೆ.

ಹಾಗಾದರೆ ಯಾವುದು ನಿಜ? ಮನೆ ಖರ್ಚಿಗೆ ತಿಂಗಳಿಗೆ ಎಷ್ಟು ಉಳಿಯುತ್ತದೆ ಅನ್ನುವುದು ನಿಮ್ಮ ಚಿಂತೆಯಾದರೆ ಕಂತಿನ ಲೆಕ್ಕ ನೋಡಿ. ಮಧ್ಯದಲ್ಲೇ ಸಾಲ ತೀರಿಸುವ ಅಥವಾ ಮನೆ ಮಾರುವ ಸಾಧ್ಯತೆ ಇದ್ದರೆ ಬಡ್ಡಿಯ ಲೆಕ್ಕ ನೋಡಿ, ಯಾಕೆಂದರೆ ಆ ದಿನ ಬಾಕಿ ಅಸಲು ಎಷ್ಟಿದೆ ಅನ್ನುವುದೇ ಮುಖ್ಯವಾಗುತ್ತದೆ. ನನ್ನನ್ನು ಕೇಳಿದರೆ ಎರಡನ್ನೂ ಹಾಕಿ, ಉದ್ದದ ಸಂಖ್ಯೆಯನ್ನು ನಂಬಿ.

ಇನ್ನೂ ಒಳ್ಳೆಯ ದಾರಿ ಅಂದರೆ ಕಂತನ್ನು ಇಳಿಸದೇ ಇರುವುದು. ದರ 7.75ಕ್ಕೆ ಬಂದರೂ ಹಳೆಯ 26,223ನ್ನೇ ಕಟ್ಟುತ್ತಾ ಹೋದರೆ ಸಾಲ 168 ತಿಂಗಳ ಬದಲು 149 ತಿಂಗಳಲ್ಲಿ ತೀರುತ್ತದೆ. ಹತ್ತೊಂಬತ್ತು ಕಂತು ಉಳಿಯಿತು. ಈಗ ಹೇಗೂ ಆ ಕಂತು ಕಟ್ಟಿ ರೂಢಿಯಾಗಿದೆ, ಅಲ್ವಾ? ಸ್ಯಾಂಕ್ಷನ್ ಮಾಡಿಸುವಾಗಲೇ ಅವಧಿ 150 ತಿಂಗಳು ಹಾಕಿಸಿಕೊಳ್ಳಬಹುದು.

ನಿಮ್ಮ ಅಂಕಿ ಹಾಕಿ ನೋಡಲು ಎಕ್ಸೆಲ್ ಅಥವಾ ಮೊಬೈಲಿನ ಗೂಗಲ್ ಶೀಟ್ ಸಾಕು. ಮೊದಲ ಸಾಲು ಕಂತು ಹೇಳುತ್ತದೆ, ಎರಡನೆಯದು ಹಳೆಯ ಕಂತನ್ನೇ ಕಟ್ಟಿದರೆ ಎಷ್ಟು ತಿಂಗಳಲ್ಲಿ ತೀರುತ್ತದೆ ಅಂತ ಹೇಳುತ್ತದೆ.

```
=PMT(7.75%/12,168,-2500000)
=NPER(7.75%/12,-26223,2500000)
```

"ಕಂತು ಐದೂವರಿ ಸಾವಿರ ಕಡಿಮಿ ಆಗ್ತೈತ್ರಿ"

ಈ ಮಾತಿನಲ್ಲೇ ಜಾಸ್ತಿ ಜನ ಸಿಕ್ಕಿಬೀಳುತ್ತಾರೆ. ಏಜೆಂಟ್ ತಂದ ಹಾಳೆಯಲ್ಲಿ ಎರಡು ಅಂಕಿ ದೊಡ್ಡದಾಗಿ ಬರೆದಿರುತ್ತದೆ. ಈಗಿನ ಕಂತು 26,223, ಹೊಸ ಕಂತು 20,524. ಕೆಳಗೆ ಚಿಕ್ಕದಾಗಿ ಅವಧಿ 240 ತಿಂಗಳು.

ಟೀಚರ್‌ಗೆ ಉಳಿದದ್ದು 14 ವರ್ಷ. ಹೊಸ ಸಾಲ 20 ವರ್ಷಕ್ಕೆ. ಕಂತು 5,700 ಇಳಿದದ್ದರಲ್ಲಿ ದರದಿಂದ ಬಂದದ್ದು 1,794 ಮಾತ್ರ. ಉಳಿದದ್ದೆಲ್ಲ ಆರು ವರ್ಷ ಹಿಗ್ಗಿಸಿದ್ದರಿಂದ ಬಂದದ್ದು. ಒಟ್ಟು ಕಟ್ಟುವ ಹಣ ನೋಡಿ. 9 ಪರ್ಸೆಂಟಿನಲ್ಲೇ ಇದ್ದು 168 ಕಂತು ಕಟ್ಟಿದರೆ ಸುಮಾರು 44 ಲಕ್ಷ. 7.75ಕ್ಕೆ ಹೋಗಿ 240 ಕಂತು ಕಟ್ಟಿದರೆ 49 ಲಕ್ಷದ ಮೇಲೆ. ಬಡ್ಡಿ ದರ ಇಳಿದರೂ ಐದು ಲಕ್ಷಕ್ಕಿಂತ ಹೆಚ್ಚು ಕಟ್ಟಬೇಕಾಯಿತು. ಅದೂ ಸಂಬಳ ನಿಂತ ಮೇಲೆ ಆರು ವರ್ಷ.

ಕೈ ನಿಜವಾಗಿಯೂ ಬಿಗಿಯಾಗಿದ್ದರೆ, ಮಗಳ ಕಾಲೇಜು ಫೀ ಅಂತ ನಾಲ್ಕು ವರ್ಷ ಕಷ್ಟ ಇದ್ದರೆ, ಅವಧಿ ಹಿಗ್ಗಿಸುವುದು ತಪ್ಪಲ್ಲ. ಗೊತ್ತಿದ್ದು ಮಾಡಿ, ಅನುಕೂಲವಾದಾಗ ಹೆಚ್ಚಿಗೆ ಕಟ್ಟಿ ಕಡಿಮೆ ಮಾಡಿ. ಅದನ್ನು ಬಡ್ಡಿಯ ಉಳಿತಾಯ ಅಂತ ಮಾತ್ರ ತಿಳಿಯಬೇಡಿ. ಹೋಲಿಸುವಾಗ ಮೊದಲ ಮಾತೇ ಇದಾಗಲಿ: "ನನಗೆ 168 ತಿಂಗಳಿಗೆ ಕಂತು ಎಷ್ಟು ಬರ್ತೈತಿ ಬರ್ದ್ ಕೊಡ್ರಿ."

ಇದರ ಜೊತೆಗೇ ಬರುವುದು ಟಾಪ್‌ಅಪ್. "ಹೆಂಗೂ ಅರ್ಹತಾ ಐತ್ರಿ, ಇನ್ನೊಂದು ಐದ್ ಲಕ್ಷ ತಗೋರಿ." ಬೇಕಿದ್ದರೆ ತೆಗೆದುಕೊಳ್ಳಿ, ಆದರೆ ಅದರ ದರ ಬೇರೆ ಇರಬಹುದು. ಅದರ ಖರ್ಚು, ಕಂತು ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆಯಿರಿ. ಇನ್ನು ಸಾಲದ ವಿಮೆ. ಹೊಸ ಬ್ಯಾಂಕ್ ಒಂದೇ ಸಲದ ಪ್ರೀಮಿಯಂ ಅಂತ 40-50 ಸಾವಿರವನ್ನು ಸಾಲಕ್ಕೇ ಸೇರಿಸಿಬಿಟ್ಟರೆ ಮೇಲಿನ ಬ್ರೇಕ್-ಈವನ್ ಲೆಕ್ಕ, ಅಂದರೆ ಖರ್ಚು ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತದೆ ಅನ್ನುವ ಲೆಕ್ಕವೆಲ್ಲ ಬುಡಮೇಲು. ಕಟ್ಟಡಕ್ಕೆ ಬೆಂಕಿ ವಿಮೆ ಬ್ಯಾಂಕ್ ಕೇಳುವುದು ಸಹಜ. ಜೀವ ವಿಮೆಯನ್ನು ಅವರಲ್ಲೇ ಮಾಡಿಸಬೇಕೆಂಬ ಕಾನೂನು ಇಲ್ಲ. ಬೇಡ ಅಂದರೆ ಬೇಡ ಅಂತ ಅರ್ಜಿಯಲ್ಲೇ ಬರೆಯಿರಿ.

ಯಾರು ಹೋಗಬಾರದು

ಬಾಕಿ ಕಡಿಮೆ, ಅವಧಿಯೂ ಕಡಿಮೆ ಇದ್ದವರು. 6 ಲಕ್ಷ ಬಾಕಿ, ನಾಲ್ಕು ವರ್ಷ ಉಳಿದಿದೆ ಅಂದುಕೊಳ್ಳಿ. ದರ 9ರಿಂದ 7.75ಕ್ಕೆ ಇಳಿದರೂ ಕಂತಿನಲ್ಲಿ ಉಳಿಯುವುದು ತಿಂಗಳಿಗೆ 354 ರೂಪಾಯಿ. ನಾಲ್ಕು ವರ್ಷಕ್ಕೆ 17 ಸಾವಿರ. ವಕೀಲರು, ಎಂಜಿನಿಯರ್, ನೋಂದಣಿ ಅಂತ ಅಷ್ಟೇ ಖರ್ಚಾಗುತ್ತದೆ. ಆ ಹಣವನ್ನು ನೇರ ಅಸಲಿಗೆ ಕಟ್ಟಿಬಿಡುವುದು ಲೇಸು. ಬದಲಾಗುವ ದರದ ಗೃಹ ಸಾಲವನ್ನು ಮುಂಚೆ ತೀರಿಸಿದರೆ ವ್ಯಕ್ತಿಗಳಿಂದ ದಂಡ ತೆಗೆದುಕೊಳ್ಳುವ ಹಾಗಿಲ್ಲ. ಬ್ಯಾಂಕುಗಳಿಗೆ 2012ರಿಂದಲೇ ಈ ನಿಯಮ ಇದೆ. ಸ್ಥಿರ ದರದ ಸಾಲವಾದರೆ ಮಾತ್ರ ಸ್ಯಾಂಕ್ಷನ್ ಲೆಟರಿನಲ್ಲಿ ದಂಡದ ಸಾಲು ಇದೆಯೇ ನೋಡಿ.

ಕಾಗದ ಸರಿ ಇದೆಯೇ?

ನಮ್ಮ ಕಡೆ ಟ್ರಾನ್ಸ್‌ಫರ್ ನಿಲ್ಲುವುದು ಹೆಚ್ಚಾಗಿ ಬಡ್ಡಿಯಿಂದಲ್ಲ, ಉತಾರದಿಂದ. ಹೌಸಿಂಗ್ ಫೈನಾನ್ಸ್ ಕಂಪನಿಗಳು ಕಾಗದದ ವಿಷಯದಲ್ಲಿ ಸ್ವಲ್ಪ ಸಡಿಲ. ಅದಕ್ಕೇ ಅವರ ದರ ಜಾಸ್ತಿ ಇರುವುದೂ ಉಂಟು. ಗುಂಟೆ ಲೆಕ್ಕದಲ್ಲಿ ಮಾರಿದ ಪ್ಲಾಟು, ಬಿನ್‌ಶೇತ್ಕಿ ಆಗಿದ್ದರೂ ಲೇಔಟ್ ಅನುಮೋದನೆ ಇಲ್ಲದ ಜಾಗ, ಮಹಾನಗರ ಪಾಲಿಕೆಗೆ ಸೇರುವ ಮುಂಚಿನ ಪಂಚಾಯಿತಿ ಉತಾರ, ಪರವಾನಗಿ ನೆಲಮಹಡಿಗೆ ಮಾತ್ರ ಇದ್ದು ಮೇಲೆ ಇನ್ನೊಂದು ಮಹಡಿ ಕಟ್ಟಿದ್ದು. ಇಂಥವಕ್ಕೆ ಅವರು ಸಾಲ ಕೊಟ್ಟಿರುತ್ತಾರೆ. ಸರ್ಕಾರಿ ಬ್ಯಾಂಕಿನ ವಕೀಲರು ಅದೇ ಕಡತ ನೋಡಿ ಆಗಲ್ಲ ಅನ್ನಬಹುದು. ಗದಗ, ಹಾವೇರಿ ಕಡೆ ಊರಂಚಿನ ಬಡಾವಣೆಗಳಲ್ಲೂ ಇದೇ ಕತೆ.

ವಕೀಲರು ಬೇಡ ಅಂದರೆ ಕಟ್ಟಿದ ಫೀ ವಾಪಸ್ ಬರುವುದಿಲ್ಲ. ಅದಕ್ಕೆ ಪ್ರೊಸೆಸಿಂಗ್ ಫೀ ಕಟ್ಟುವ ಮುಂಚೆ ಝೆರಾಕ್ಸ್ ಪ್ರತಿಗಳನ್ನು ಹಿಡಿದು ಶಾಖೆಗೆ ಹೋಗಿ, "ಇದು ನಿಮ್ಮಲ್ಲಿ ನಡೀತೈತೇನ್ರಿ?" ಅಂತ ಕೇಳಿ. ಖರೀದಿ ಪತ್ರ, ಬಿನ್‌ಶೇತ್ಕಿ ಆದೇಶ, ಲೇಔಟ್ ನಕ್ಷೆ, ಕಟ್ಟಡ ಪರವಾನಗಿ, ಇ-ಖಾತಾ, ತೆರಿಗೆ ರಸೀದಿ, ಇಸಿ. ಇಸಿಯನ್ನು ಕಾವೇರಿ 2.0 ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ತೆಗೆಯಬಹುದು. ಹಳೆಯ ಸಾಲದ ಎಂಒಡಿ ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ.

ಮೂಲ ಪತ್ರಗಳು ಹಳೆಯ ಕಡೆ ಇರುವುದರಿಂದ ಹೊಸ ಬ್ಯಾಂಕ್ "ಎಲ್‌ಒಡಿ" ಕೇಳುತ್ತದೆ, ಅಂದರೆ ಯಾವ್ಯಾವ ಪತ್ರ ಅವರ ಬಳಿ ಇವೆ ಅನ್ನುವ ಪಟ್ಟಿ. ಅದನ್ನು ಸಾಲ ತೆಗೆದಾಗ ಕೊಟ್ಟ ರಸೀದಿಯ ಜೊತೆ ಒಂದೊಂದೇ ಸಾಲು ಹೋಲಿಸಿ ನೋಡಿ. ತಾಯಿಪತ್ರ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ದಿನವೇ ಬರಹದಲ್ಲಿ ಕೇಳಿ. ಸಾಲ ಮುಗಿದ ಮೇಲೆ ಹುಡುಕುವುದು ಬಹಳ ಕಷ್ಟ.

ಎಲ್‌ಒಡಿ ಮತ್ತು ಬಾಕಿ ಪತ್ರಕ್ಕೆ ಅರ್ಜಿ ಕೊಟ್ಟ ಕೂಡಲೇ ಹಳೆಯ ಕಂಪನಿಯಿಂದ ಫೋನ್ ಬರುವುದು ಸಾಮಾನ್ಯ. "ಯಾಕ್ ಹೊಂಟೀರಿ, ರೇಟ್ ನಾವೇ ಇಳಸ್ತೀವಿ" ಅನ್ನುತ್ತಾರೆ. ಮೊದಲು ಕೇಳಿದಾಗ 8.50 ಅಂದವರು ಈಗ 8.25ಕ್ಕೆ ಬರಬಹುದು. ಹೊಸ ಬ್ಯಾಂಕಿನ ಸ್ಯಾಂಕ್ಷನ್ ಲೆಟರ್ ಕೈಯಲ್ಲಿ ಇದ್ದರೆ ಮಾತಿಗೆ ತೂಕ ಬರುತ್ತದೆ. ಅವರು ಹೇಳಿದ್ದನ್ನು ಇಮೇಲ್‌ನಲ್ಲಿ ಕೇಳಿ. ಅದರಲ್ಲಿ ದರ, ಶುಲ್ಕ, ಯಾವ ದಿನದಿಂದ ಜಾರಿ ಮೂರೂ ಇರಲಿ. ಅದನ್ನು ಟೇಬಲ್ಲಿನ ನಡುವಿನ ಕಾಲಂಗೆ ಹಾಕಿ ಮತ್ತೆ ಭಾಗಿಸಿ. ಹಾಗಂತ ನಾಲ್ಕೈದು ಬ್ಯಾಂಕಿನಲ್ಲಿ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ಸಿಬಿಲ್ ವರದಿಯಲ್ಲಿ ದಾಖಲಾಗುತ್ತದೆ. ಎರಡು ಕಡೆ ಬಾಯಿಮಾತಿನಲ್ಲಿ ವಿಚಾರಿಸಿ, ಒಂದು ಕಡೆ ಹಾಕಿ.

ಎಂಒಡಿ ಖರ್ಚನ್ನು ನಾನು ಮೇಲೆ 16,000 ಹಿಡಿದಿದ್ದೇನೆ. ಅದು ಸಾಲದ ಮೊತ್ತದ ಮೇಲೆ ಬೀಳುವ ಶುಲ್ಕ, ದರ ನಿಗದಿ ಮಾಡುವುದು ರಾಜ್ಯ ಸರ್ಕಾರ. ಮಹಾರಾಷ್ಟ್ರದ ಅಥವಾ ಬೇರೆ ರಾಜ್ಯದ ಲೆಕ್ಕ ತೋರಿಸುವ ವಿಡಿಯೋ ನಂಬಬೇಡಿ. ಪತ್ರ ಬರೆಯುವವರನ್ನೋ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೋ ನಿಮ್ಮ ಸಾಲದ ಮೊತ್ತ ಹೇಳಿ ಆ ದಿನದ ಅಂಕಿ ಬರೆಸಿಕೊಳ್ಳಿ. ಇಡೀ ಖರ್ಚಿನಲ್ಲಿ ದೊಡ್ಡ ಪಾಲು ಇದೇ ಆದ್ದರಿಂದ, ಇದು ಬದಲಾದರೆ ಬ್ರೇಕ್-ಈವನ್ ತಿಂಗಳುಗಳು ಬದಲಾಗುತ್ತವೆ. "ಪ್ರೊಸೆಸಿಂಗ್ ಫೀ ಝೀರೋ" ಅನ್ನುವ ಜಾಹೀರಾತು ಉಳಿಸುವುದು 5,900 ಮಾತ್ರ, ಈ 16,000 ಹಾಗೇ ಇರುತ್ತದೆ.

ಸಾಲ ಸಾಗಿಸುವ ವಾರ

ಕಂತು ಕಟ್ ಆದ ಮರುದಿನವೇ ಬಾಕಿ ಪತ್ರ ತೆಗೆಸುವುದು ಒಳ್ಳೆಯದು. ಅದರಲ್ಲಿ ಇಂಥ ದಿನದ ತನಕ ಇಷ್ಟು, ಆಮೇಲೆ ದಿನಕ್ಕೆ ಇಷ್ಟು ಬಡ್ಡಿ ಅಂತ ಬರೆದಿರುತ್ತದೆ. ಹೊಸ ಬ್ಯಾಂಕ್ ಹಣ ಬಿಡುವ ದಿನ ಆ ಗಡುವಿನೊಳಗೆ ಬರಬೇಕು. ಇಲ್ಲದಿದ್ದರೆ ಕೆಲವು ಸಾವಿರ ಕಡಿಮೆ ಬಿದ್ದು ಸಾಲ ಕ್ಲೋಸ್ ಆಗದೆ ಉಳಿಯುತ್ತದೆ. ಹಳೆಯ ಖಾತೆಗೆ ಕೊಟ್ಟ ಕಂತಿನ ಆಟೋ ಡೆಬಿಟ್ ನಿಲ್ಲಿಸಲು ಅವತ್ತೇ ಅರ್ಜಿ ಕೊಡಿ. ಮರೆತರೆ ಮುಂದಿನ 5ನೇ ತಾರೀಖು ಎರಡೂ ಕಡೆ ಕಂತು ಹೋಗುತ್ತದೆ, ವಾಪಸ್ ಬರಲು ವಾರಗಟ್ಟಲೆ ಕಾಯಬೇಕು.

ಪತ್ರಗಳು ಹುಬ್ಬಳ್ಳಿ ಶಾಖೆಯಲ್ಲಿ ಇರುವುದಿಲ್ಲ. ಕಂಪನಿಯ ಕೇಂದ್ರ ಗೋದಾಮಿನಿಂದ ಬರಬೇಕು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ಕೊಡಬೇಕು, ನೋಂದಣಿಯಾದ ಬೋಜಾ ತೆಗೆಸಬೇಕು. ತಡ ಅವರಿಂದಲೇ ಆದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. 2023ರ ಡಿಸೆಂಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮ ಇದು. ಕೌಂಟರಿನಲ್ಲಿ "ಇನ್ನೂ ಬಂದಿಲ್ರಿ, ಮುಂದಿನ ವಾರ ಬರ್ರಿ" ಅಂದರೆ, ಕ್ಲೋಸ್ ಆದ ದಿನಾಂಕ ಮತ್ತು ಈ ನಿಯಮ ಎರಡನ್ನೂ ಒಂದು ಪುಟದಲ್ಲಿ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ಓಡಾಟಕ್ಕಿಂತ ಆ ಒಂದು ಮುದ್ರೆಗೆ ಬೇಗ ಕೆಲಸ ಆಗುತ್ತದೆ.

ಪತ್ರ ಬರುವ ತನಕ ಹೊಸ ಬ್ಯಾಂಕಿನ ಕೈಯಲ್ಲಿ ಅಡಮಾನ ಇರುವುದಿಲ್ಲ. ಹಾಗಾಗಿ ಕೆಲವು ಕಡೆ ಆ ಅವಧಿಗೆ ದರ ಸ್ವಲ್ಪ ಜಾಸ್ತಿ ಇಡುತ್ತಾರೆ. ಸ್ಯಾಂಕ್ಷನ್ ಲೆಟರಿನಲ್ಲಿ ಆ ಸಾಲು ಇದೆಯೇ, ಯಾವಾಗ ಮಾಮೂಲಿ ದರಕ್ಕೆ ಬರುತ್ತದೆ ಅಂತ ಸಹಿ ಹಾಕುವ ಮುಂಚೆ ಓದಿ. ಅಲ್ಲೇ ರೆಪೊ ಎಷ್ಟು, ಮಾರ್ಜಿನ್ ಎಷ್ಟು ಅಂತ ಬಿಡಿಸಿ ಬರೆದಿದ್ದಾರೆಯೇ ಅಂತಲೂ ನೋಡಿ. 7.75 ಅಂತ ಮಾತ್ರ ಬರೆದಿದ್ದರೆ, ಅದು ಮೊದಲ ವರ್ಷದ ರಿಯಾಯಿತಿಯೋ ಪೂರ್ತಿ ಅವಧಿಗೋ ಗೊತ್ತಾಗುವುದಿಲ್ಲ.

ಎಲ್ಲ ಮುಗಿದು ಒಂದೆರಡು ತಿಂಗಳಾದ ಮೇಲೆ ಹೊಸ ಇಸಿ ತೆಗೆಯಿರಿ. ಹಳೆಯ ಕಂಪನಿಯ ಬೋಜಾ ಬಿಡುಗಡೆಯ ಸಾಲು, ಅದರ ಕೆಳಗೆ ಹೊಸ ಬ್ಯಾಂಕಿನ ಎಂಒಡಿ ಸಾಲು ಎರಡೂ ಇರಬೇಕು. ಸಿಬಿಲ್ ವರದಿಯಲ್ಲಿ ಹಳೆಯ ಸಾಲದ ಮುಂದೆ ಕ್ಲೋಸ್ಡ್ ಅಂತ ಬಂದಿರಬೇಕು. ಬಂದಿಲ್ಲವಾದರೆ ನೋ ಡ್ಯೂ ಪತ್ರದ ಪ್ರತಿ ಇಟ್ಟು ಹಳೆಯ ಕಂಪನಿಗೆ ಬರೆಯಿರಿ.